ಇಂಟರ್‌ವ್ಯೂ ಮುಗಿದ ಮಧ್ಯಾಹ್ನ ಬರೆಯುವ ನಾಲ್ಕು ಸಾಲು

ಪ್ರಶ್ನೆ: ಮೇಡಂ, ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಬಿ.ಕಾಂ. ಓದಿ ಎರಡು ವರ್ಷ ಒಂದು ಮಂಡಿಯಲ್ಲಿ ಲೆಕ್ಕ ಬರೆದಿದ್ದೇನೆ. ಶಿವಮೊಗ್ಗದ ಒಂದು ಸಾಂಬಾರ ಪದಾರ್ಥದ ಕಂಪನಿಗೆ ಸ್ಟಾಕ್ ಅಕೌಂಟ್ಸ್ ಕೆಲಸದ ಇಂಟರ್‌ವ್ಯೂಗೆ ಹೋಗಿದ್ದೆ. ಮೂವರು ಕೂತಿದ್ದರು. ಟ್ಯಾಲಿ ಬಗ್ಗೆ ಕೇಳಿದರು, ಶನಿವಾರ ಬರ್ತೀರಾ ಅಂತ ಕೇಳಿದರು. ಗೋದಾಮಿನ ಮ್ಯಾನೇಜರ್ ಮಾತ್ರ, 'ಶೇ. 14 ತೇವಾಂಶ ಇರುವ 100 ಕೆ.ಜಿ. ಕಾಳುಮೆಣಸು ಒಣಗಿ ಶೇ. 11ಕ್ಕೆ ಬಂದರೆ ತೂಕ ಎಷ್ಟು' ಅಂದರು. 97 ಅಂದೆ. 'ಹತ್ತಿರ ಇದ್ದೀರಿ' ಅಂದರು. ಖರೀದಿ ಚೀಟಿಯಲ್ಲಿ ತೂಕದ ಪಕ್ಕ ತೇವಾಂಶವನ್ನೂ ಬರೆಯಬೇಕು ಅಂತ ಹೇಳಿದರು. ಆಮೇಲೆ ಏನೂ ಸುದ್ದಿ ಇಲ್ಲ. ಇಂಟರ್‌ವ್ಯೂ ಆದ ದಿನವೇ ಥ್ಯಾಂಕ್ಸ್ ಮೇಲ್ ಕಳಿಸಬೇಕಿತ್ತು ಅಂತಾಳೆ ಬೆಂಗಳೂರಿನ ಗೆಳತಿ. ಅದು ಬೆಣ್ಣೆ ಹಚ್ಚಿದ ಹಾಗೆ ಆಗಲ್ವಾ? ಮುಂದಿನ ತಿಂಗಳು ಮಾಚೇನಹಳ್ಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಇನ್ನೊಂದು ಇಂಟರ್‌ವ್ಯೂ ಇದೆ. ಏನು ಬರೆಯಲಿ, ಯಾರಿಗೆ, ಯಾವಾಗ?

ಉತ್ತರ: ನಮ್ಮ ಕಡೆ ಮದುವೆ ಮನೆಯಲ್ಲಿ ಊಟ ಮುಗಿಸಿ ಹೊರಡುವಾಗ ಯಾರೂ 'ಧನ್ಯವಾದ' ಅನ್ನುವುದಿಲ್ಲ. 'ಅಪ್ಪೆಹುಳಿ ಬಹಳ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ' ಅನ್ನುತ್ತೇವೆ. ಅಷ್ಟು ಹೇಳಿದರೆ ಸಾಕು, ಮನೆಯವರ ಮುಖ ಅರಳುತ್ತದೆ. ಉಂಡವರು ಗಮನ ಕೊಟ್ಟು ಉಂಡಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ. 'ನಿಮ್ಮಂಥ ಮನೆಯೇ ಇಲ್ಲ, ನಿಮ್ಮಂಥ ಜನರೇ ಇಲ್ಲ' ಎಂದು ಶುರು ಮಾಡಿದರೆ ಮಾತ್ರ ಅದು ಬೆಣ್ಣೆ. ಆ ಮಾತನ್ನು ಪಕ್ಕದ ಮನೆಯಲ್ಲೂ ಹೇಳಬಹುದು. ಅಪ್ಪೆಹುಳಿಯ ಮಾತನ್ನು ಅದನ್ನು ಬಡಿಸಿದ ಮನೆಯಲ್ಲಿ ಮಾತ್ರ ಹೇಳಲು ಸಾಧ್ಯ.

ಇಂಟರ್‌ವ್ಯೂ ಆದ ಮೇಲೆ ಬರೆಯುವ ನಾಲ್ಕು ಸಾಲಿಗೂ ಇದೇ ಅಳತೆಗೋಲು. ಆ ಕೋಣೆಯಲ್ಲಿ ಆಡಿದ ಒಂದು ಮಾತು ಅದರಲ್ಲಿ ಇರಬೇಕು. ಬರೆದು ಮುಗಿಸಿದ ಮೇಲೆ ಕಂಪನಿಯ ಹೆಸರು ಬದಲಾಯಿಸಿ ಓದಿ ನೋಡಿ. ಬೇರೆ ಕಂಪನಿಗೂ ಹಾಗೇ ಕಳಿಸಬಹುದು ಅನ್ನಿಸಿದರೆ ಅದು ಕಳಿಸುವಂಥದ್ದಲ್ಲ.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶಿವಮೊಗ್ಗದ ಸುತ್ತಮುತ್ತಲ ಕಂಪನಿಗಳಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಂಡವಳು. ಮೇಜಿನ ಆ ಕಡೆ ಏನು ನಡೆಯುತ್ತದೆ ಎಂದು ಮೊದಲು ಹೇಳುತ್ತೇನೆ. ಆಗ 'ಯಾವಾಗ' ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಸಣ್ಣ ಮತ್ತು ಮಧ್ಯಮ ಕಂಪನಿಗಳಲ್ಲಿ ಒಂದು ಹುದ್ದೆಗೆ ಐದಾರು ಜನರನ್ನು ಒಂದೇ ದಿನ ಕರೆಯುತ್ತಾರೆ. ಬೆಳಿಗ್ಗೆ ಮೂವರು, ಊಟದ ಮೇಲೆ ಮೂವರು. ಕೊನೆಯವರು ಹೋದ ಮೇಲೆ ಚಹಾ ತರಿಸಿಕೊಂಡು ಇಂಟರ್‌ವ್ಯೂ ಮಾಡಿದ ಮೂರೂ ಜನ ಕೂತು ಹೆಸರುಗಳನ್ನು ಒಂದೊಂದಾಗಿ ನೋಡುತ್ತಾರೆ. ಇಬ್ಬರು ಬೇಡ ಎಂದು ಬೇಗ ತೀರ್ಮಾನವಾಗುತ್ತದೆ. ಒಬ್ಬರು ಎಲ್ಲರಿಗೂ ಇಷ್ಟವಾಗಿರುತ್ತಾರೆ, ಅಥವಾ ಇಬ್ಬರ ನಡುವೆ ತೂಗುಯ್ಯಾಲೆ ಇರುತ್ತದೆ. ಆ ತೂಗುಯ್ಯಾಲೆ ಇದ್ದಾಗ ಮಾತ್ರ ನಿಮ್ಮ ನಾಲ್ಕು ಸಾಲಿಗೆ ಕೆಲಸ. ಬೇಡ ಎಂದವರನ್ನು ಬೇಕು ಅನ್ನಿಸುವ ಶಕ್ತಿ ಅದಕ್ಕಿಲ್ಲ. ನಾನು ಒಮ್ಮೆಯೂ ಹಾಗಾದದ್ದು ನೋಡಿಲ್ಲ. ಆದರೆ ಇಬ್ಬರೂ ಸಮ ಅನ್ನಿಸಿದಾಗ, 'ಈ ಹುಡುಗಿ ನೀವು ಹೇಳಿದ್ದನ್ನು ಮನೆಗೆ ಹೋಗಿ ಯೋಚನೆ ಮಾಡಿದ್ದಾಳೆ ನೋಡಿ' ಎಂದು ಯಾರಾದರೂ ಫೋನು ಮುಂದೆ ಹಿಡಿದರೆ, ತಕ್ಕಡಿ ಒಂದು ಕಡೆ ವಾಲುತ್ತದೆ. ಅದನ್ನು ಕಂಡಿದ್ದೇನೆ.

ಹಾಗಾಗಿ ಪತ್ರ ಸಾಧ್ಯವಾದಷ್ಟೂ ಆ ಚಹಾದ ಹೊತ್ತಿಗೆ ಮುಂಚೆ ತಲುಪಬೇಕು. ನಿಮ್ಮ ಇಂಟರ್‌ವ್ಯೂ ಮಧ್ಯಾಹ್ನ 12ಕ್ಕೆ ಮುಗಿದಿದ್ದರೆ 2ರಿಂದ 4ರೊಳಗೆ ಕಳಿಸುವುದು ಸರಿ. ಸಂಜೆ 5ಕ್ಕೆ ಮುಗಿದರೆ ಅದೇ ದಿನ ರಾತ್ರಿ ಊಟದ ಹೊತ್ತಿಗೆ ಮುಂಚೆ, ಇಲ್ಲವಾದರೆ ಮರುದಿನ ಆಫೀಸು ತೆರೆಯುವ ಹೊತ್ತಿಗೆ. ಗೇಟು ದಾಟಿದ ಐದೇ ನಿಮಿಷಕ್ಕೆ ಕಳಿಸುವುದು ಬೇಡ. ಮೊದಲೇ ಬರೆದಿಟ್ಟಿದ್ದು ಅನ್ನಿಸುತ್ತದೆ. ಗಡಿಬಿಡಿಯಲ್ಲಿ ತಪ್ಪೂ ಜಾಸ್ತಿ.

ಇನ್ನು ಮಲೆನಾಡಿನವರಿಗೆ ಮಾತ್ರ ಹೇಳಬೇಕಾದ ಒಂದು ವಿಷಯ. ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, 'ದಾರಿಯಲ್ಲಿ ಬರೆದರಾಯಿತು' ಅಂದುಕೊಳ್ಳಬೇಡಿ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಕಡೆಗೆ ಕಾಡು ಶುರುವಾದರೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಮನೆ ಮುಟ್ಟುವಾಗ ಕರೆಂಟು ಇರುತ್ತದೋ ಇಲ್ಲವೋ, ಮಳೆಗಾಲದಲ್ಲಿ ಹೇಳಲಾಗದು. ಮೇಲ್ ಕಳಿಸಿದೆ ಎಂದು ನೀವು ಅಂದುಕೊಂಡಿರುತ್ತೀರಿ, ಅದು `Outbox`ನಲ್ಲೇ ಕೂತಿರುತ್ತದೆ. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಅರ್ಧ ಗಂಟೆ ಕೂತು ಬರೆಯಿರಿ. ಕಳಿಸಿದ ಮೇಲೆ `Sent` ತೆರೆದು, ಅಲ್ಲಿ ಬಂದಿದೆಯಾ ನೋಡಿಯೇ ಬಸ್ಸು ಹತ್ತಿ. ಅದಕ್ಕಾಗಿ ಒಂದು ಬಸ್ಸು ಬಿಟ್ಟರೂ ಪರವಾಗಿಲ್ಲ.

ಆದರೆ ಆ ಅರ್ಧ ಗಂಟೆಗೂ ಮುಂಚೆ ಮಾಡಬೇಕಾದ ಒಂದು ಕೆಲಸ ಇದೆ. ಕಂಪನಿಯ ಗೇಟಿನಿಂದ ಹೊರಗೆ ಬಂದು ನಿಂತ ಕೂಡಲೇ, ಮನೆಗೆ ಫೋನು ಮಾಡುವುದಕ್ಕೂ ಮುಂಚೆ, ನೋಟ್‌ಬುಕ್ಕಿನಲ್ಲೋ ಫೋನಿನಲ್ಲೋ ನೆನಪಿದ್ದನ್ನು ಗೀಚಿಕೊಳ್ಳಿ. ಯಾರು ಏನು ಕೇಳಿದರು, ಯಾವ ಶಬ್ದ ಬಳಸಿದರು, ಎಲ್ಲಿ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತರು. ಫೋನಿನಲ್ಲಿ ಅಮ್ಮನಿಗೆ ಕಥೆ ಹೇಳುವಾಗ ನಾವು ಅರಿವಿಲ್ಲದೆ ಮಾತನ್ನು ಸ್ವಲ್ಪ ಬದಲಾಯಿಸಿಬಿಡುತ್ತೇವೆ. ಆಮೇಲೆ ನೆನಪಿನಲ್ಲಿ ಉಳಿಯುವುದು ನಾವು ಹೇಳಿದ ಕಥೆಯೇ. 'ತೂಕದ ಪಕ್ಕ ತೇವಾಂಶ' ಎಂದು ಅವರು ಹೇಳಿದ್ದು, ಸಂಜೆಗೆ 'ಏನೋ ಸ್ಟಾಕ್ ರಿಜಿಸ್ಟರ್ ಬಗ್ಗೆ' ಎಂದಾಗಿರುತ್ತದೆ. ಕೆಲವೇ ಗಂಟೆಯೊಳಗೆ ಬರೆಯಿರಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಈಗ ನಿಮ್ಮದೇ ಇಂಟರ್‌ವ್ಯೂ ತೆಗೆದುಕೊಳ್ಳೋಣ. ನಿಮ್ಮ ಕೈಯಲ್ಲಿ ಮೂರು ವಿಷಯ ಇದ್ದವು. ಟ್ಯಾಲಿ, ಶನಿವಾರ, ಕಾಳುಮೆಣಸು. ಯಾವುದನ್ನು ಆರಿಸಬೇಕು?

ಹೆಚ್ಚಿನವರು ಟ್ಯಾಲಿ ಆರಿಸುತ್ತಾರೆ. ಅಲ್ಲಿ ಉತ್ತರ ಚೆನ್ನಾಗಿ ಕೊಟ್ಟಿರುತ್ತಾರೆ, ಅದನ್ನೇ ಇನ್ನೊಮ್ಮೆ ನೆನಪಿಸುವ ಆಸೆ. ಆದರೆ ಟ್ಯಾಲಿ ಬಗ್ಗೆ ಅವತ್ತು ಬಂದ ಅಷ್ಟೂ ಜನರನ್ನು ಕೇಳಿರುತ್ತಾರೆ. ಅದು ಆ ಕೋಣೆಯದೇ ಆದ ಮಾತಲ್ಲ. ಶನಿವಾರದ ವಿಷಯ ಕೆಲಸದ ಷರತ್ತು. ಅದನ್ನು ಧನ್ಯವಾದದ ಜೊತೆ ಕಟ್ಟಬಾರದು, ಚೌಕಾಸಿಯಂತೆ ಕಾಣುತ್ತದೆ. ಉಳಿದದ್ದು ಕಾಳುಮೆಣಸು. ಗೋದಾಮಿನ ಮ್ಯಾನೇಜರ್ ಅದನ್ನು ಪುಸ್ತಕದಿಂದ ಕೇಳಿದ್ದಲ್ಲ. ದಿನಾ ತಲೆ ತಿನ್ನುವ ಸಂಗತಿಯನ್ನು ಕೇಳಿದ್ದಾರೆ. ಆಮೇಲೆ ಕೇಳದೆಯೇ ಚೀಟಿಯ ವಿಷಯ ಬೇರೆ ಹೇಳಿದರು. ಯಾರಾದರೂ ಪ್ರಶ್ನೆ ಕೇಳಿ ಮುಗಿಸಿದ ಮೇಲೂ ಅದರ ಬಗ್ಗೆ ತಾವಾಗಿ ಒಂದು ಮಾತು ಜಾಸ್ತಿ ಆಡಿದರೆ, ಅವರ ಮನಸ್ಸು ಅಲ್ಲಿದೆ ಎಂದು ಅರ್ಥ. ನಿಮ್ಮ ಪತ್ರ ಅಲ್ಲಿಗೇ ಹೋಗಬೇಕು.

ಇನ್ನೊಂದು ಕಾರಣವೂ ಇದೆ. 'ಹತ್ತಿರ ಇದ್ದೀರಿ' ಅಂದರು ಅಲ್ವಾ? 97 ಸರಿಯಾದ ಉತ್ತರವಲ್ಲ. ನೀವು ಮಾತ್ರ ಅಲ್ಲ, ತುಂಬಾ ಜನ 14ರಿಂದ 11 ಕಳೆದು 3 ಕೆ.ಜಿ. ಹೋಯಿತು ಅನ್ನುತ್ತಾರೆ. ಒಂದು ನಿಮಿಷ ಲೆಕ್ಕ ನೋಡಿ. 100 ಕೆ.ಜಿ.ಯಲ್ಲಿ 14 ಕೆ.ಜಿ. ನೀರು, 86 ಕೆ.ಜಿ. ಕಾಳು. ಬಿಸಿಲಿಗೆ ಹಾಕಿದಾಗ ನೀರು ಹೋಗುತ್ತದೆ, ಆ 86 ಹಾಗೇ ಉಳಿಯುತ್ತದೆ. ಒಣಗಿದ ಮೇಲೆ ನೀರು ಶೇ. 11 ಅಂದರೆ ಕಾಳು ಶೇ. 89. ಆ 89 ಭಾಗವೇ 86 ಕೆ.ಜಿ. ಹಾಗಾದರೆ ಒಟ್ಟು ತೂಕ 86ನ್ನು 0.89ರಿಂದ ಭಾಗಿಸಿದಷ್ಟು, ಅಂದರೆ 96.6 ಕೆ.ಜಿ. ಶೇ. 11 ಅನ್ನುವುದು ಹೊಸ ತೂಕದ ಮೇಲಿನ ಲೆಕ್ಕ, ಹಳೆಯ 100ರ ಮೇಲಿನದಲ್ಲ. ತಪ್ಪುವುದು ಅಲ್ಲೇ.

ಕ್ವಿಂಟಾಲಿಗೆ 400 ಗ್ರಾಮಿಗೂ ಕಡಿಮೆ ವ್ಯತ್ಯಾಸ, ಅದೇನು ಮಹಾ ಅನ್ನಿಸಬಹುದು. 100 ಕ್ವಿಂಟಾಲ್ ಬಂದಾಗ ಅದು 37 ಕೆ.ಜಿ. ಆಗುತ್ತದೆ. ಪುಸ್ತಕದಲ್ಲಿ ಇರುವ 37 ಕೆ.ಜಿ. ಮೆಣಸು ಗೋದಾಮಿನಲ್ಲಿ ಇರುವುದಿಲ್ಲ. ಆಗ ಕೀಲಿ ಕೈ ಇಟ್ಟುಕೊಂಡವರ ಮೇಲೆ ಅನುಮಾನ ಬರುತ್ತದೆ. ಆ ಮ್ಯಾನೇಜರ್ ಯಾಕೆ ತೇವಾಂಶ ಬರೆದಿಡಿ ಅಂದರು ಎಂದು ಈಗ ಗೊತ್ತಾಯಿತಲ್ಲ? ನೀವು ಈ ಲೆಕ್ಕವನ್ನು ಅದೇ ಮಧ್ಯಾಹ್ನ ಹೋಟೆಲಿನ ಮೇಜಿನ ಮೇಲೆ ಮಾಡಿ ಅವರಿಗೆ ತಿಳಿಸಿದ್ದರೆ, ಅವರು ಹುಡುಕುತ್ತಿದ್ದ ಗುಣ ಅದೇ ಆಗಿತ್ತು. ತಪ್ಪನ್ನು ತಾನೇ ಹುಡುಕಿ ಸರಿ ಮಾಡುವವರು ಸ್ಟಾಕ್ ಲೆಕ್ಕಕ್ಕೆ ಬೇಕು.

ಇಂಥ ಇಂಟರ್‌ವ್ಯೂ ಆದ ಮೇಲೆ ಸಾಮಾನ್ಯವಾಗಿ ನಮಗೆ ಬರುವ ಪತ್ರ ಹೀಗಿರುತ್ತದೆ:

'ಮಾನ್ಯರೇ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸಂದರ್ಶನಕ್ಕೆ ಅವಕಾಶ ನೀಡಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮೊಂದಿಗೆ ನಡೆಸಿದ ಮಾತುಕತೆ ಬಹಳ ಉಪಯುಕ್ತವಾಗಿತ್ತು. ತಮ್ಮ ಸಂಸ್ಥೆಯ ಬೆಳವಣಿಗೆಗೆ ಶ್ರಮಿಸಲು ಉತ್ಸುಕಳಾಗಿದ್ದೇನೆ.'

ಇದರಲ್ಲಿ ತಪ್ಪು ಒಂದೂ ಇಲ್ಲ. ಆದರೆ ಬರೆದವರು ಆ ಕೋಣೆಯಲ್ಲಿ ಇದ್ದರು ಎಂಬುದಕ್ಕೆ ಸಾಕ್ಷಿಯೂ ಒಂದಿಲ್ಲ. ಮಾತುಕತೆ ಉಪಯುಕ್ತವಾಗಿತ್ತು ಅನ್ನುತ್ತಾರೆ, ಯಾವ ಮಾತು ಎಂದು ಹೇಳುವುದಿಲ್ಲ. ಒಂದೇ ದಿನ ಇಬ್ಬರಿಂದ ಅಕ್ಷರ ಅಕ್ಷರವೂ ಒಂದೇ ಇರುವ ಪತ್ರ ನನಗೆ ಬಂದದ್ದುಂಟು. ಇಬ್ಬರೂ ಒಂದೇ ಕಡೆಯಿಂದ ಇಳಿಸಿಕೊಂಡಿದ್ದರು. ಇಬ್ಬರ ಬಗ್ಗೆಯೂ ನಮಗೆ ಕೆಟ್ಟದ್ದೇನೂ ಅನ್ನಿಸಲಿಲ್ಲ, ಒಳ್ಳೆಯದೂ ಅನ್ನಿಸಲಿಲ್ಲ. ಕಳಿಸದೇ ಇದ್ದಿದ್ದರೂ ಅಷ್ಟೇ ಆಗುತ್ತಿತ್ತು.

ನಿಮ್ಮ ಪತ್ರ ಹೀಗಿರಬಹುದಿತ್ತು. ನಿಮ್ಮ ಇಂಟರ್‌ವ್ಯೂ ಕನ್ನಡದಲ್ಲಿ ನಡೆಯಿತು ಎಂದುಕೊಂಡು ಕನ್ನಡದಲ್ಲೇ ಬರೆದಿದ್ದೇನೆ:

'ನಮಸ್ಕಾರ ಮೇಡಂ,

ಇವತ್ತು ಬೆಳಿಗ್ಗೆ ಸ್ಟಾಕ್ ಅಕೌಂಟ್ಸ್ ಕೆಲಸದ ಇಂಟರ್‌ವ್ಯೂಗೆ ಬಂದಿದ್ದೆ. ಸಮಯ ಕೊಟ್ಟು ಮಾತಾಡಿಸಿದ್ದಕ್ಕೆ ನಿಮಗೂ ಜೊತೆಗಿದ್ದ ಇಬ್ಬರಿಗೂ ಧನ್ಯವಾದ.

ಗೋದಾಮಿನ ಮ್ಯಾನೇಜರ್ ಸರ್ ಕೇಳಿದ ಕಾಳುಮೆಣಸಿನ ಪ್ರಶ್ನೆಗೆ ನಾನು 97 ಕೆ.ಜಿ. ಅಂದಿದ್ದೆ. ಹೊರಗೆ ಬಂದು ಮತ್ತೆ ಲೆಕ್ಕ ಹಾಕಿದೆ. ನೀರು ಬಿಟ್ಟು 86 ಕೆ.ಜಿ. ಹಾಗೇ ಉಳಿಯುತ್ತದೆ, ಅದು ಹೊಸ ತೂಕದ ಶೇ. 89 ಆಗಬೇಕು. ಹಾಗಾಗಿ ಉತ್ತರ 96.6 ಕೆ.ಜಿ. ಚೀಟಿಯಲ್ಲಿ ತೂಕದ ಪಕ್ಕ ತೇವಾಂಶವನ್ನೂ ಬರೆಯಬೇಕು ಎಂದು ಸರ್ ಹೇಳಿದ್ದು ಯಾಕೆಂದು ಈಗ ಸರಿಯಾಗಿ ಅರ್ಥವಾಯಿತು. ದಯವಿಟ್ಟು ಅವರಿಗೂ ತಿಳಿಸಿ.

ಈ ಕೆಲಸ ಮಾಡುವ ಆಸಕ್ತಿ ನನಗಿದೆ.

ಇಂತಿ,' ಕೆಳಗೆ ನಿಮ್ಮ ಹೆಸರು, ಊರು, ಮೊಬೈಲ್ ನಂಬರ್.

ಇಷ್ಟೇ. ಫೋನಿನ ಪರದೆಯ ಮೇಲೆ ಹೆಚ್ಚು ಸರಿಸದೆ ಓದಿ ಮುಗಿಸಬಹುದು. ಧನ್ಯವಾದ ಒಂದೇ ಸಲ ಬಂದಿದೆ. ಟ್ಯಾಲಿ ಇಲ್ಲ, ಅನುಭವದ ಪಟ್ಟಿ ಇಲ್ಲ, ಸರ್ಟಿಫಿಕೇಟು ಮತ್ತೆ ಲಗತ್ತಿಸಿಲ್ಲ. ಫಲಿತಾಂಶ ಯಾವಾಗ ಎಂದು ಕೇಳಿಲ್ಲ. ಆ ಪ್ರಶ್ನೆ ಬಂದ ಕೂಡಲೇ ಪತ್ರದ ಬಣ್ಣ ಬದಲಾಗುತ್ತದೆ. ಓದುವವರಿಗೆ ಇದು ಉತ್ತರ ಕೊಡಬೇಕಾದ ಕೆಲಸ ಅನ್ನಿಸಿ ಪಕ್ಕಕ್ಕೆ ಇಡುತ್ತಾರೆ.

ತಪ್ಪನ್ನು ಹೀಗೆ ತಿದ್ದುವುದಕ್ಕೆ ಒಂದು ಮಿತಿ ಇದೆ, ಅದನ್ನು ಮರೆಯಬೇಡಿ. ತಪ್ಪು ಸಣ್ಣದಿರಬೇಕು, ಒಂದೆರಡು ಸಾಲಿನಲ್ಲಿ ಸರಿಹೋಗುವಂತಿರಬೇಕು, ಸರಿ ಉತ್ತರ ಒಂದೇ ಇರಬೇಕು. ಲೆಕ್ಕ, ದಿನಾಂಕ, ನಿಯಮದ ಹೆಸರು, ಇಂಥವು. 'ಜಿಎಸ್‌ಟಿ ರಿಟರ್ನ್ ಗೊತ್ತಿಲ್ಲ ಅಂದೆ, ನಿಜವಾಗಿ ಸ್ವಲ್ಪ ಗೊತ್ತು' ಎಂದು ಬರೆದರೆ ಗಾಯ ಕೆರೆದುಕೊಂಡ ಹಾಗೆ. ಅವರು ಮರೆತಿದ್ದನ್ನು ನೀವೇ ನೆನಪಿಸುತ್ತೀರಿ. ಮತ್ತೆ, ತಿದ್ದಿದ ಉತ್ತರ ಸರಿ ಇದೆಯಾ ಎಂದು ಇನ್ನೊಬ್ಬರಿಂದ ನೋಡಿಸಿ. ಮಂಡಿಯಲ್ಲಿ ನಿಮ್ಮ ಜೊತೆ ಇದ್ದ ಹಿರಿಯ ಗುಮಾಸ್ತರಿಗೆ ಒಂದು ಫೋನು ಮಾಡಿದರೆ ಆಯಿತು. ತಪ್ಪನ್ನು ತಿದ್ದುತ್ತೇನೆಂದು ಹೊಸ ತಪ್ಪು ಬರೆದರೆ ಮೊದಲಿನ 97ಕ್ಕಿಂತ ಕೆಟ್ಟದ್ದು.

ನೀವು ಸರಿಯಾದ ಉತ್ತರವನ್ನೇ ಹೇಳಿದ್ದರೆ ಏನು ಬರೆಯುತ್ತಿದ್ದಿರಿ? ಆಗಲೂ ಕಾಳುಮೆಣಸೇ. ನಿಮ್ಮ ಉತ್ತರದ ಬದಲು ಅವರ ಮಾತನ್ನು ಹಿಡಿಯಬೇಕು, ಅದಕ್ಕೆ ನಿಮ್ಮ ಅನುಭವದ ಒಂದು ಎಳೆ ಸೇರಿಸಬೇಕು. 'ನಮ್ಮ ಮಂಡಿಯಲ್ಲಿ ಮಳೆಗಾಲದಲ್ಲಿ ಚೀಲ ತೇವ ಎಳೆದುಕೊಂಡು ತೂಕ ಏರುವುದನ್ನು ನೋಡಿದ್ದೆ, ಅದನ್ನು ಬರೆದಿಡಬಹುದು ಎಂದು ಹೊಳೆದಿರಲಿಲ್ಲ.' ನಿಜವಾಗಿ ನೋಡಿದ್ದರೆ ಮಾತ್ರ, ಮತ್ತೆ.

ಇನ್ನು ನನಗೇ ಆದ ಒಂದು ಪೆಟ್ಟು ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಕಾರ್ಖಾನೆಯ ಇಂಟರ್‌ವ್ಯೂಗೆ ಹೋಗಿದ್ದೆ. ಉತ್ಪಾದನೆ ನೋಡಿಕೊಳ್ಳುವ ಹಿರಿಯರು ಮನಸ್ಸು ಬಿಚ್ಚಿ ಮಾತಾಡಿದರು. ಒಂದು ಪಾಳಿಯ ಜನ ಕೆಲಸ ಬಿಟ್ಟು ಹೋಗುತ್ತಿದ್ದಾರೆ, ಅಲ್ಲಿನ ಸೂಪರ್‌ವೈಸರ್ ಮಾತು ಒರಟು, ಅದಕ್ಕೇ ಸಿಬ್ಬಂದಿ ವಿಭಾಗಕ್ಕೆ ಇನ್ನೊಬ್ಬರು ಬೇಕು ಎಂದರು. ನಾನು ಅದೇ ಸಂಜೆ ಪತ್ರ ಬರೆದೆ. ನಿರ್ದಿಷ್ಟವಾಗಿ ಬರೆಯಬೇಕು ಎಂದು ಗೊತ್ತಿತ್ತು. 'ರಾತ್ರಿ ಪಾಳಿಯ ಸೂಪರ್‌ವೈಸರ್ ಬಗ್ಗೆ ನೀವು ಹೇಳಿದ ಸಮಸ್ಯೆ' ಎಂದು ನಿರ್ದಿಷ್ಟವಾಗಿಯೇ ಬರೆದೆ. ಅದು ಆಫೀಸಿನ ಸಾಮಾನ್ಯ ವಿಳಾಸಕ್ಕೆ ಹೋಯಿತು. ಅಲ್ಲಿ ನಾಲ್ಕು ಜನ ಓದಿದರು, ಸುದ್ದಿ ಸೂಪರ್‌ವೈಸರ್‌ಗೂ ಮುಟ್ಟಿತು. ನನ್ನನ್ನು ನಂಬಿ ಮಾತಾಡಿದ ಹಿರಿಯರು ತಲೆ ತಗ್ಗಿಸುವಂತಾಯಿತು. ಕೆಲಸ ಸಿಗಲಿಲ್ಲ, ಅದು ಹೋಗಲಿ. ಆ ಮನುಷ್ಯನಿಗೆ ಮಾಡಿದ ತೊಂದರೆ ಇವತ್ತಿಗೂ ಮನಸ್ಸಿನಲ್ಲಿದೆ.

ಅದಕ್ಕೇ ಆ ಪತ್ರದಲ್ಲಿ ನಾನು ಲೆಕ್ಕ ಮತ್ತು ಚೀಟಿಯ ವಿಷಯ ಮಾತ್ರ ಇಟ್ಟಿದ್ದೇನೆ. 'ನಿಮ್ಮ ಗೋದಾಮಿನಲ್ಲಿ ತೂಕ ಕಡಿಮೆ ಬರುತ್ತಿದೆ ಅಂದಿರಲ್ಲ' ಎಂಬಂಥ ಸಾಲು ಯಾವತ್ತೂ ಬರೆಯಬಾರದು. ನಷ್ಟ, ಜಗಳ, ಯಾರೋ ಬಿಟ್ಟುಹೋದದ್ದು, ಯಾವ ವ್ಯಾಪಾರಿ ಸರಿ ಇಲ್ಲ ಅನ್ನುವುದು, ಇವೆಲ್ಲ ಬಾಯಿ ಮಾತಿಗೆ ಆಡಿದ್ದು. ಬರವಣಿಗೆಗೆ ಬಂದರೆ ಅದು ಬೇರೆಯವರ ಕೈಗೂ ಹೋಗುತ್ತದೆ. ಕೆಲಸ ಮಾಡುವ ವಿಧಾನದ ಬಗ್ಗೆ ಆಡಿದ ಮಾತನ್ನು ಮಾತ್ರ ಆರಿಸಿಕೊಳ್ಳಿ. ಆ ಕಂಪನಿಯ ಯಾರೇ ಓದಿದರೂ ಯಾರಿಗೂ ಮುಜುಗರ ಆಗಬಾರದು.

ಯಾರಿಗೆ ಕಳಿಸುವುದು ಎಂಬುದು ಅಷ್ಟು ಕಷ್ಟದ್ದಲ್ಲ. ಇಂಟರ್‌ವ್ಯೂಗೆ ಬನ್ನಿ ಎಂದು ಯಾವ ಮೇಲ್ ಬಂದಿತ್ತೋ ಅದಕ್ಕೇ `Reply` ಒತ್ತಿ ಬರೆಯಿರಿ. ಆಗ ವಿಷಯದ ಸಾಲು, ಹುದ್ದೆಯ ಹೆಸರು ಎಲ್ಲ ಜೊತೆಗೇ ಇರುತ್ತದೆ. ನೀವು ಯಾರು ಎಂದು ಅವರು ಹುಡುಕಬೇಕಾಗಿಲ್ಲ. ಕರೆ ವಾಟ್ಸಾಪಿನಲ್ಲಿ ಬಂದಿದ್ದರೆ ವಾಟ್ಸಾಪಿನಲ್ಲೇ, ಕೆಲಸದ ಹೊತ್ತಿನಲ್ಲಿ. ನಮ್ಮ ಊರಿನ ಸಣ್ಣ ಕಂಪನಿಗಳಲ್ಲಿ ಇದು ಸಾಮಾನ್ಯ, ಯಾರೂ ತಪ್ಪು ತಿಳಿಯುವುದಿಲ್ಲ. ಗೋದಾಮಿನ ಮ್ಯಾನೇಜರ್ ನಂಬರನ್ನು ಯಾರಿಂದಲೋ ಕೇಳಿ ಪಡೆದು ನೇರವಾಗಿ ಕಳಿಸುವುದು ಬೇಡ. ಅವರಾಗಿ ಕೊಡದ ನಂಬರು ಅದು. 'ಅವರಿಗೂ ತಿಳಿಸಿ' ಎಂಬ ಒಂದು ಸಾಲು ಆ ಕೆಲಸ ಮಾಡುತ್ತದೆ. ಮೂವರೂ ತಮ್ಮ ಮೇಲ್ ವಿಳಾಸ ಕೊಟ್ಟಿದ್ದರೆ ಮೂವರಿಗೂ ಒಂದೇ ಪತ್ರ ಬೇರೆ ಬೇರೆಯಾಗಿ ಕಳಿಸಬೇಡಿ. ಪಕ್ಕಪಕ್ಕ ಕೂತು ಕೆಲಸ ಮಾಡುವವರು, ಒಬ್ಬರದನ್ನು ಇನ್ನೊಬ್ಬರು ನೋಡುತ್ತಾರೆ. ಒಂದೇ ಮೇಲ್‌ನಲ್ಲಿ ಮೂವರ ವಿಳಾಸವೂ ಇರಲಿ.

ಭಾಷೆಯೂ ಅಷ್ಟೇ. ಮಾತು ಯಾವ ಭಾಷೆಯಲ್ಲಿ ನಡೆಯಿತೋ ಅದರಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ನಡೆದಿದ್ದರೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಸಾಕು. ಕೋಣೆಯಲ್ಲಿ ಸರಳವಾಗಿ ಮಾತಾಡಿದವರು ಪತ್ರದಲ್ಲಿ ದೊಡ್ಡ ದೊಡ್ಡ ಶಬ್ದ ತಂದರೆ ಬೇರೆ ಯಾರೋ ಬರೆದುಕೊಟ್ಟ ಹಾಗೆ ಕಾಣುತ್ತದೆ. ಹೆಸರು ಮತ್ತು ಹುದ್ದೆಯನ್ನು ಮಾತ್ರ ಎರಡು ಸಲ ನೋಡಿ. ಹೆಸರು ಸರಿಯಾಗಿ ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ. 'ಗೋದಾಮಿನ ಮ್ಯಾನೇಜರ್ ಸರ್' ಅಂದರೆ ಯಾರಿಗೂ ಬೇಜಾರಿಲ್ಲ, ತಪ್ಪು ಹೆಸರಿಗೆ ಬೇಜಾರಾಗುತ್ತದೆ.

ಒಂದು ಕಡೆ ಮಾತ್ರ ಈ ಪತ್ರ ಬೇಡವೇ ಬೇಡ. ಸರ್ಕಾರಿ ನೇಮಕಾತಿ, ಸರ್ಕಾರಿ ಬ್ಯಾಂಕು, ನಿಯಮದ ಪ್ರಕಾರ ಅಧಿಸೂಚನೆ ಹೊರಡಿಸಿ ಅಂಕ ಕೊಟ್ಟು ಆರಿಸುವ ಸಂಸ್ಥೆಗಳು. ಅಲ್ಲಿನ ಅಧಿಸೂಚನೆಗಳಲ್ಲಿ, ಯಾವುದೇ ರೀತಿ ಪ್ರಭಾವ ಬೀರಲು ನೋಡಿದರೆ ಅನರ್ಹಗೊಳಿಸಲಾಗುವುದು ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಮನಸ್ಸಿನಲ್ಲಿ ಪ್ರಭಾವದ ಮಾತೇ ಇಲ್ಲದಿದ್ದರೂ, ಆಯ್ಕೆ ಸಮಿತಿಯವರಿಗೆ ನೇರವಾಗಿ ಬರೆಯುವುದು ಅಲ್ಲಿ ತೊಂದರೆ ತರಬಹುದು. ಅಧಿಸೂಚನೆ ಕೊನೆಯವರೆಗೆ ಓದಿ, ಸುಮ್ನೆ ಇದ್ದುಬಿಡಿ. ಹಾಗೆಯೇ ಖಾಸಗಿ ಕಂಪನಿಯಲ್ಲೂ, ಬೆಳಿಗ್ಗೆ ನೀವು ಪತ್ರ ಕಳಿಸಿ, ಸಂಜೆ ನಿಮ್ಮ ಮಾವ ಗುರುತಿನವರ ಮೂಲಕ 'ನಮ್ಮ ಹುಡುಗಿ, ಸ್ವಲ್ಪ ನೋಡಿ' ಎಂದು ಹೇಳಿಸಿದರೆ, ಆ ಕಾಳುಮೆಣಸಿನ ಲೆಕ್ಕಕ್ಕೆ ಇದ್ದ ಬೆಲೆಯೂ ಹೋಗುತ್ತದೆ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ಪತ್ರಕ್ಕೆ ಉತ್ತರ ಬರಲಿಲ್ಲ ಎಂದು ಕೊರಗಬೇಡಿ. ನಾನು ಓದಿ ಮೆಚ್ಚಿದ ಪತ್ರಗಳಿಗೂ ಹೆಚ್ಚಿನ ಸಲ ಉತ್ತರ ಬರೆದಿಲ್ಲ. ತೀರ್ಮಾನ ಆಗುವ ಮುಂಚೆ ಏನು ಬರೆದರೂ ಅಭ್ಯರ್ಥಿ ಅದಕ್ಕೆ ಅರ್ಥ ಹಚ್ಚುತ್ತಾರೆ ಎಂಬ ಅಳುಕು ನಮಗಿರುತ್ತದೆ. ಎರಡನೇ ಸಲ ಕಳಿಸುವುದು, 'ನನ್ನ ಮೇಲ್ ನೋಡಿದಿರಾ' ಎಂದು ಕೇಳುವುದು ಬೇಡ. ಅವರು ಹೇಳಿದ ದಿನ ದಾಟಿ ಎರಡು ಮೂರು ಕೆಲಸದ ದಿನ ಆದ ಮೇಲೆ ಒಂದು ಸಲ ವಿಚಾರಿಸಬಹುದು. ಅದು ಬೇರೆ ಪತ್ರ.

ನಿಮ್ಮ ಹಿಂದಿನ ಇಂಟರ್‌ವ್ಯೂ ವಿಷಯ. ನಿಮ್ಮ ಪ್ರಶ್ನೆ ನನ್ನ ಕೈಸೇರುವ ಹೊತ್ತಿಗೇ ಅದು ಆಗಿ ಹತ್ತು ದಿನ ದಾಟಿತ್ತು. ಈಗ ಧನ್ಯವಾದ ಬರೆದರೆ, ಸುದ್ದಿ ಇಲ್ಲದ್ದಕ್ಕೆ ಬರೆದಿದ್ದಾರೆ ಅನ್ನಿಸುತ್ತದೆ. ಏನಾಯಿತು ಎಂದು ತಿಳಿಯಬೇಕಿದ್ದರೆ ನೇರವಾಗಿ ಅದನ್ನೇ ಎರಡು ಸಾಲಿನಲ್ಲಿ ಕೇಳಿ. ಕಾಳುಮೆಣಸನ್ನು ಅದರಲ್ಲಿ ತರಬೇಡಿ.

ಮಾಚೇನಹಳ್ಳಿಯ ಇಂಟರ್‌ವ್ಯೂಗೆ ಒಂದು ತಯಾರಿ ಮಾಡಿಕೊಂಡು ಹೋಗಿ. ಕಾರ್ಖಾನೆಗಳಲ್ಲಿ ಕೆಲವೊಮ್ಮೆ ಹತ್ತೇ ನಿಮಿಷದಲ್ಲಿ ಮಾತು ಮುಗಿಯುತ್ತದೆ. ಹೆಸರು, ಓದು, ಸಂಬಳ, ಯಾವಾಗ ಸೇರುತ್ತೀರಿ, ಇಷ್ಟೇ. ಆಮೇಲೆ ಬರೆಯುವುದಕ್ಕೆ ಕೈಗೆ ಏನೂ ಸಿಗುವುದಿಲ್ಲ. ಆಗ 'ನಿಮಗೇನಾದರೂ ಕೇಳುವುದಿದೆಯಾ' ಅಂದಾಗ ಒಂದು ಪ್ರಶ್ನೆ ಕೇಳಿ: 'ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲ ತಿಂಗಳು ಯಾವುದು ಕಷ್ಟ ಆಗುತ್ತೆ?' ಅವರು ಕೇಳದಿದ್ದರೂ, ಏಳುವ ಮುಂಚೆ 'ಒಂದು ಕೇಳಬಹುದಾ ಸರ್' ಎಂದು ಕೇಳಬಹುದು. ಪತ್ರಕ್ಕಾಗಿ ಮಾತ್ರ ಕೇಳುವ ಪ್ರಶ್ನೆ ಅಲ್ಲ ಇದು. ಆ ಕೆಲಸ ನಿಮಗೆ ಆಗುತ್ತದಾ ಎಂದು ನಿಮಗೂ ಗೊತ್ತಾಗಬೇಕಲ್ಲ?

'ಗೇಟ್ ಪಾಸಿಗೂ ಬಿಲ್ಲಿಗೂ ತಾಳೆ ನೋಡುವುದರಲ್ಲಿ ಎಲ್ಲರೂ ಎಡವುತ್ತಾರೆ' ಎಂದು ಅವರು ಅಂದರು ಎಂದುಕೊಳ್ಳಿ. ಹೊರಗೆ ಬಂದು ಅದೇ ಶಬ್ದಗಳಲ್ಲಿ ಬರೆದುಕೊಳ್ಳಿ. ಮಧ್ಯಾಹ್ನದ ಪತ್ರದಲ್ಲಿ ಅದರ ಮುಂದೆ ನಿಮ್ಮದೊಂದು ಸಾಲು: 'ಮಂಡಿಯಲ್ಲಿ ನಾನು ತೂಕದ ಚೀಟಿ ಮತ್ತು ಬಿಲ್ಲನ್ನು ಪ್ರತಿದಿನ ಸಂಜೆ ಜೋಡಿಸಿ ನೋಡುತ್ತಿದ್ದೆ, ವಾರಕ್ಕೆ ಬಿಟ್ಟರೆ ಸಿಗುತ್ತಿರಲಿಲ್ಲ.' ನೀವು ಹಾಗೆ ಮಾಡುತ್ತಿರಲಿಲ್ಲ ಎಂದಾದರೆ, ಮಂಡಿಯಲ್ಲಿ ನಿಜವಾಗಿ ಹೇಗೆ ಮಾಡುತ್ತಿದ್ದಿರಿ ಅದನ್ನು ಬರೆಯಿರಿ.